ಉಡಿದಾರದ ಏಳು ಗಂಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಹೇಳಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ವರ್ಗವಾಗಿ ತಿರುಗಿ ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ಯಾವ ಊರಲ್ಲಿ ಕೇಳಿದರೂ ಹೇಳುತ್ತಾರೆ. ಈಗ ಬರೆಯುತ್ತಿರುವುದು ಆ ಐದರಲ್ಲಿ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ತಪ್ಪು ಊರಿನದಲ್ಲ, ನನ್ನದು. ಸರಿಯಾದ ಪಾಠ ಹೇಳಿಕೊಟ್ಟು ಒಬ್ಬ ಮನುಷ್ಯನನ್ನು ಕಾದ ಎಣ್ಣೆಯ ಬಾಣಲೆಗೆ ಬೀಳಿಸುವುದರಲ್ಲಿದ್ದೆ. ಪಾಠ ಸರಿ ಇದ್ದರೆ ಹಾಗೆ ಹೇಗಾಯಿತು ಎಂದು ಬಹಳ ದಿನ ನನಗೇ ತಿಳಿಯಲಿಲ್ಲ.

ಆಗ ನನಗೆ ಕೊಟ್ಟಿದ್ದು ಬಿ.ಪಿ., ಸಕ್ಕರೆ ಕಾಯಿಲೆ ನೋಡುವ ಕೋಣೆ. ಹೊಸದಾಗಿ ಸಕ್ಕರೆ ಕಾಯಿಲೆ ಬಂದು ಡಾಕ್ಟರು ಇನ್ಸುಲಿನ್ ಬರೆದರೆ, ಅದನ್ನು ಮನೆಯಲ್ಲಿ ಹೇಗೆ ಚುಚ್ಚಿಕೊಳ್ಳಬೇಕೆಂದು ಕಲಿಸುವವಳು ನಾನು. ದಿನಕ್ಕೆ ಇಬ್ಬರೋ ಮೂವರೋ ಬರುತ್ತಿದ್ದರು, ಬಂದವರ ಮುಖದಲ್ಲೆಲ್ಲ ಒಂದೇ ಭಯ. ಚೀಟಿ ಕೊಟ್ಟು ಕಳಿಸಿದರೆ ಸಾಲದು ಎಂಬುದು ನನಗೆ ಗೊತ್ತಿತ್ತು. ಎದುರಿಗೆ ಕೂರಿಸಿಕೊಂಡು ಕೈ ಹಿಡಿದು ಕಲಿಸುತ್ತಿದ್ದೆ, ತಪ್ಪಿದರೆ ಬೈಯುತ್ತಿದ್ದೆ. ಬೈದರೆ ನೆನಪಿರುತ್ತದೆ ಎಂಬುದು ನನ್ನ ಸಿದ್ಧಾಂತ.

ಆ ಮನುಷ್ಯ ಬಂದದ್ದು ಕಾರಹುಣ್ಣಿಮೆ ಕಳೆದ ವಾರದಲ್ಲಿ. ಬಸ್‌ ನಿಲ್ದಾಣದ ಪಕ್ಕ ಮಿರ್ಚಿ ಮಂಡಕ್ಕಿ ಮಾರುವವನು. ನಲವತ್ತೆಂಟು ವಯಸ್ಸು, ಒಳ್ಳೆ ಹೊಟ್ಟೆ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು. ಮಿರ್ಚಿಗೆ ಹಿಟ್ಟು ಕಲಸುವವಳು ಅವಳು, ಕರಿಯುವವನು ಅವನು. ಎರಡು ತಿಂಗಳಲ್ಲಿ ಎಂಟು ಕೆ.ಜಿ. ಇಳಿದಿದ್ದ. ಸಕ್ಕರೆ ಮುನ್ನೂರೆಂಬತ್ತು ತೋರಿಸಿತ್ತು. ಡಾಕ್ಟರು ಬೆಳಿಗ್ಗೆ ಹದಿನಾಲ್ಕು ಪಾಯಿಂಟು, ಸಂಜೆ ಎಂಟು ಪಾಯಿಂಟು ಇನ್ಸುಲಿನ್ ಬರೆದು ನನ್ನ ಕೋಣೆಗೆ ಕಳಿಸಿದರು. ಯೂನಿಟ್ಟಿಗೆ ನಮ್ಮ ಕಡೆ ಪಾಯಿಂಟು ಅನ್ನುತ್ತಾರೆ.

ನಾನು ಕಲಿಸಿದೆ. ಬಾಟಲಿಯನ್ನು ಕುಲುಕಬಾರದು, ಎರಡು ಅಂಗೈ ನಡುವೆ ನಿಧಾನಕ್ಕೆ ಹೊರಳಿಸಬೇಕು, ಒಳಗಿನ ಮದ್ದು ಒಂದೇ ಸಮ ಹಾಲಿನ ಬಣ್ಣಕ್ಕೆ ಬರಬೇಕು. ಎಂ.ಎಲ್.ಗೆ ನಲವತ್ತು ಪಾಯಿಂಟಿನ ಬಾಟಲಿಗೆ ನಲವತ್ತರ ಸಿರಿಂಜೇ ಆಗಬೇಕು, ಅದರ ಟೊಪ್ಪಿಗೆ ಕೆಂಪಗಿರುತ್ತದೆ, ಬೇರೆಯದರಲ್ಲಿ ಎಳೆದರೆ ಲೆಕ್ಕ ತಪ್ಪುತ್ತದೆ. ಹದಿನಾಲ್ಕು ಪಾಯಿಂಟು ಗಾಳಿ ಎಳೆದು ಬಾಟಲಿಗೆ ಬಿಟ್ಟು, ಆಮೇಲೆ ಬಾಟಲಿ ತಲೆಕೆಳಗೆ ಮಾಡಿ ಹದಿನಾಲ್ಕು ಪಾಯಿಂಟು ಮದ್ದು ಎಳೆಯಬೇಕು. ಗುಳ್ಳೆ ಇದ್ದರೆ ಬೆರಳಿನಿಂದ ತಟ್ಟಿ ಹೊರಗೆ ಕಳಿಸಬೇಕು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆತ್ತಗೆ ಎತ್ತಿ ಹಿಡಿದು ಚುಚ್ಚಬೇಕು, ಮದ್ದು ಪೂರ್ತಿ ಒತ್ತಿ ಹತ್ತು ಎಣಿಸಿ ಸೂಜಿ ತೆಗೆಯಬೇಕು, ತಿಕ್ಕಬಾರದು. ಅರ್ಧ ಗಂಟೆಯೊಳಗೆ ಊಟ. ಅವನು ತಲೆಯಾಡಿಸಿದ. ಎದುರಿಗೇ ಮಾಡಿ ತೋರಿಸು ಎಂದೆ. ಮಾಡಿದ. ಹಸಿಮೆಣಸಿನಕಾಯಿ ಸೀಳಿ ಸೀಳಿ ಪಳಗಿದ ಕೈ, ಒಂದಿಷ್ಟೂ ನಡುಗಲಿಲ್ಲ.

ಉಳಿದದ್ದು ಜಾಗ ಬದಲಿಸುವ ಪಾಠ. ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಚರ್ಮದ ಕೆಳಗೆ ಕೊಬ್ಬು ಗಡ್ಡೆ ಕಟ್ಟುತ್ತದೆ, ಮದ್ದು ಅದರೊಳಗೇ ಕೂತುಬಿಡುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಆದ್ದರಿಂದ ಪ್ರತಿ ಸಲ ಒಂದು ಬೆರಳಷ್ಟಾದರೂ ಸರಿಯಬೇಕು. ಇದೇ ಪಾಠ ಎಲ್ಲರಿಗೂ ಮರೆಯುವುದು. ಇವನಿಗೆ ಹೇಗೆ ನೆನಪಿಡಿಸಲಿ ಎಂದು ನೋಡುತ್ತಿದ್ದಾಗ ಅವನ ಸೊಂಟದ ಉಡಿದಾರ ಕಣ್ಣಿಗೆ ಬಿತ್ತು. ಕರಿ ದಾರ, ಹೊಕ್ಕುಳಕ್ಕಿಂತ ಸ್ವಲ್ಪ ಕೆಳಗೆ. ನನಗೆ ಎಲ್ಲಿಲ್ಲದ ಬುದ್ಧಿ ಬಂತು. ಆ ದಾರಕ್ಕೆ ನಾನೇ ಏಳು ಗಂಟು ಹಾಕಿದೆ, ಎಡಪಕ್ಕೆಯಿಂದ ಬಲಪಕ್ಕೆಯ ತನಕ, ಹೊಕ್ಕುಳದ ನೇರಕ್ಕೆ ನಡುವೆ ಜಾಗ ಬಿಟ್ಟು. ವಾರಕ್ಕೆ ಏಳು ದಿನ, ದಾರಕ್ಕೆ ಏಳು ಗಂಟು. ಸೋಮವಾರ ಮೊದಲನೇ ಗಂಟು. ಬೆಳಿಗ್ಗೆ ಗಂಟಿನ ಮೇಲೆ, ಸಂಜೆ ಗಂಟಿನ ಕೆಳಗೆ. ಮರೆತೆ ಅನ್ನುವ ಮಾತೇ ಇಲ್ಲ. ಡಾಕ್ಟರಿಗೂ ತೋರಿಸಿದೆ. ಅವರು ನಕ್ಕು, ಪರವಾಗಿಲ್ಲ ಸಿಸ್ಟರ್ ಎಂದರು. ಆ ಒಂದು ಮಾತಿಗೆ ನಾನು ವಾರಗಟ್ಟಲೆ ಉಬ್ಬಿಕೊಂಡು ಓಡಾಡಿದೆ.

ಕೊನೆಗೆ ಸಕ್ಕರೆ ಇಳಿದರೆ ಏನಾಗುತ್ತದೆ ಎಂಬುದನ್ನು ಹೇಳಿದೆ. ಬೆವರು, ಕೈ ನಡುಕ, ಎದೆ ಡವಡವ, ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು, ಮಾತು ತೊದಲುವುದು, ಏನು ಮಾಡುತ್ತಿದ್ದೇನೆಂದು ತಿಳಿಯದಿರುವುದು. ಹಾಗಾದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿ, ಕಾಲು ಗಂಟೆ ಕೂಡು, ಇನ್ನೂ ಹಾಗೇ ಇದ್ದರೆ ಮತ್ತೆ ಕುಡಿ, ಸರಿಹೋದ ಮೇಲೆ ಊಟ ಮಾಡು ಎಂದೆ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನೂ ಹಾಕಬೇಡ, ಆಸ್ಪತ್ರೆಗೆ ತಾ ಎಂದು ಹೆಂಡತಿಗೆ ಹೇಳಿದೆ. ಅವಳು ಹೂಂ ಅಂದಳು. ಅದೇ ಉಸಿರಿನಲ್ಲಿ, ಸಕ್ಕರೆ ಇವನಿಗೆ ವಿಷ, ಇವತ್ತಿನಿಂದ ಬಂದ್ ಎಂದೂ ನಾನೇ ಹೇಳಿದ್ದೆ. ಎರಡರಲ್ಲಿ ಯಾವುದು ಅವಳ ಮನಸ್ಸಿನಲ್ಲಿ ನಿಂತಿತು ಎಂದು ಆಮೇಲೆ ಗೊತ್ತಾಯಿತು.

ಮೊದಲ ತಿಂಗಳು ಸಕ್ಕರೆ ಚೆನ್ನಾಗಿ ಇಳಿಯಿತು. ಎರಡನೇ ತಿಂಗಳೂ ಅಡ್ಡಿಯಿರಲಿಲ್ಲ. ಮೂರನೇ ತಿಂಗಳಿಂದ ಏರತೊಡಗಿತು. ನನಗೆ ಅರ್ಥವಾಗಲಿಲ್ಲ. ಕದ್ದು ಬೆಲ್ಲ ತಿನ್ನುತ್ತೀಯಾ ಎಂದು ಬೈದೆ. ಇಲ್ಲ ಎಂದ. ಮದ್ದನ್ನು ಬಿಸಿಲಿಗೆ ಇಟ್ಟಿದ್ದೀರಾ ಎಂದು ಹೆಂಡತಿಯನ್ನು ಬೈದೆ. ಅವಳು ಮರುದಿನ, ಮನೆಯಲ್ಲಿ ಮದ್ದು ತಂಪಾಗಿಡುತ್ತಿದ್ದ ಹಸಿ ಮರಳಿನ ಮಡಕೆಯನ್ನೇ ಹೊತ್ತುಕೊಂಡು ಬಂದು ಮೇಜಿನ ಮೇಲಿಟ್ಟಳು. ಅದರೊಳಗೆ ಸಣ್ಣ ಡಬ್ಬಿ, ಡಬ್ಬಿಯಲ್ಲಿ ಬಾಟಲಿ, ಕೈಗೆ ತಣ್ಣಗಿತ್ತು. ಅವಧಿ ಮುಗಿದಿದೆಯೇ ಎಂದು ನೋಡಿದೆ, ಇಲ್ಲ. ಸಿರಿಂಜು ಅದೇ ಕೆಂಪು ಟೊಪ್ಪಿಗೆಯದು. ಅವಳ ಜೊತೆ ಬಂದಿದ್ದ ಅವನಿಗೆ ನನ್ನೆದುರಿಗೆ ಮದ್ದು ಎಳೆಯಲು ಹೇಳಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಂಟು ತೋರಿಸು ಎಂದೆ. ಅಂಗಿ ಸರಿಸಿ ಗಂಟು ತೋರಿಸಿದ. ಏಳೂ ಇದ್ದವು. ಇವತ್ತು ಯಾವುದು ಎಂದರೆ, ಬುಧವಾರ, ಮೂರನೆಯದು ಎಂದ. ಗುರುವಾರ ಯಾವುದು ಎಂದರೆ ನಾಲ್ಕನೆಯದು ಎಂದ. ಶಾಲೆಯ ಹುಡುಗನೂ ಅಷ್ಟು ಚೆನ್ನಾಗಿ ಪಾಠ ಒಪ್ಪಿಸುವುದಿಲ್ಲ.

ಡಾಕ್ಟರು ಪಾಯಿಂಟು ಏರಿಸಿದರು. ಹದಿನೆಂಟಾಯಿತು, ಇಪ್ಪತ್ತೆರಡಾಯಿತು. ಐದನೇ ತಿಂಗಳಿಗೆ ಬೆಳಿಗ್ಗೆ ಇಪ್ಪತ್ತಾರು, ಸಂಜೆ ಹದಿನಾರು. ಆದರೂ ಸಕ್ಕರೆ ಒಂದು ದಿನ ಇನ್ನೂರೆಂಬತ್ತು, ಒಂದು ದಿನ ನೂರಾ ನಲವತ್ತು, ಮತ್ತೆ ಮುನ್ನೂರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಮನೆಯಲ್ಲಿ ಅನ್ನಕ್ಕೆ ಕೂತರೂ ಅವನ ಚೀಟಿಯೇ ಕಣ್ಣ ಮುಂದೆ. ಹೀಗೇ ಏರಿದರೆ ಕಾಲೋ ಕಿಡ್ನಿಯೋ ಕಣ್ಣೋ ಯಾವುದಾದರೊಂದು ಹೋಗುತ್ತದೆ ಎಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಮಾತ್ರ ನನ್ನನ್ನು ಹೊಗಳುತ್ತಿದ್ದ. ಮೊದಮೊದಲು ಸೂಜಿ ಚುರ್ ಅನ್ನುತ್ತಿತ್ತು, ಈಗ ನೋವೇ ಇಲ್ಲ, ನಿಮ್ಮ ಕೈಗುಣ ಎಂದ. ಆ ಮಾತಿಗೆ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಗೊತ್ತಾದದ್ದು ಒಂದು ಮಂಗಳವಾರ. ಆ ದಿನ ಅವನು ಮದ್ದು ತೆಗೆದುಕೊಳ್ಳದೇ ಬಂದಿದ್ದ, ಬಾಟಲಿ ಮುಗಿದಿತ್ತು. ಹೊಸ ಬಾಟಲಿ ಕೊಟ್ಟು, ಇಲ್ಲೇ ಚುಚ್ಚಿಕೊಂಡು ಹೊರಗೆ ಬುತ್ತಿ ಬಿಚ್ಚಿ ತಿನ್ನು ಎಂದೆ. ನಾನು ರಿಜಿಸ್ಟರ್ ಬರೆಯುತ್ತ ಓರೆಗಣ್ಣಿಂದ ನೋಡುತ್ತಿದ್ದೆ. ಅವನು ಸ್ಟೂಲಿನ ಮೇಲೆ ಕೂತು ಅಂಗಿ ಎತ್ತಿದ. ಮಂಗಳವಾರದ ಎರಡನೇ ಗಂಟು ಪಕ್ಕೆಯ ಕಡೆಗಿತ್ತು. ಅವನು ಉಡಿದಾರವನ್ನು ಎರಡೂ ಕೈಯಿಂದ ಹಿಡಿದು ಸರ್ರನೆ ತಿರುಗಿಸಿ, ಆ ಗಂಟನ್ನು ಹೊಕ್ಕುಳದ ಎಡಕ್ಕೆ ನಾಲ್ಕು ಬೆರಳಿನ ಜಾಗಕ್ಕೆ ತಂದುಕೊಂಡ. ಆಮೇಲೆ ಚರ್ಮ ಎತ್ತಿದ.

ನಾನು ಪೆನ್ನು ಬಿಟ್ಟು ಎದ್ದೆ. ಯಾಕೆ ತಿರುಗಿಸಿದೆ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಜಪ ಮಾಡಾವಾಗ ಮಣಿ ಬೆರಳಿಗೆ ಬರ್ತೈತಲ್ರೀ ಸಿಸ್ಟರ್," ಎಂದ. "ಬೆರಳು ಮಣಿ ಹಿಂದ ತಿರಗತೈತೇನ್ರಿ?"

ಐದು ತಿಂಗಳು ಅವನು ದಿನಕ್ಕೊಂದು ಗಂಟು ತಪ್ಪದೆ ಬದಲಿಸಿದ್ದ. ಗಂಟು ಬದಲಾಗಿತ್ತು, ಹೊಟ್ಟೆ ಅದೇ ಇತ್ತು. ನಾನು ಕೈಯಿಟ್ಟು ಒತ್ತಿ ನೋಡಿದೆ. ಹೊಕ್ಕುಳದ ಎಡಕ್ಕೆ ನಿಂಬೆಹಣ್ಣಿನಷ್ಟು ಗಡ್ಡೆ, ರಬ್ಬರಿನ ಹಾಗೆ. ಅಲ್ಲಿ ಚುಚ್ಚಿದರೆ ನೋವಾಗದು, ಮದ್ದೂ ಮುಟ್ಟದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಗಿತ್ತು ನನ್ನ ಕಥೆ. ಪ್ರತಿ ಸಲವೂ ಗಂಟು ನೋಡಿದ್ದೆ, ಹೊಟ್ಟೆ ಮುಟ್ಟಿರಲಿಲ್ಲ. ಗಂಟು ನನ್ನ ಬುದ್ಧಿಯಲ್ಲವೇ, ಅದನ್ನು ನೋಡುವುದರಲ್ಲೇ ನನಗೆ ಖುಷಿ.

ಬೈದೆ. ಏನೇನು ಬೈದೆನೋ ನೆನಪಿಲ್ಲ, ಹೊರಗೆ ಸಾಲಿನಲ್ಲಿ ನಿಂತವರು ಒಳಗೆ ಇಣುಕಿದರು. ಕತ್ತರಿ ತಂದು ಆ ದಾರದ ಗಂಟುಗಳನ್ನೆಲ್ಲ ಕತ್ತರಿಸಿ ಹಾಕಿದೆ, ಬೇರೆ ಉಡಿದಾರ ಕಟ್ಟಿಕೋ ಎಂದೆ. ಬಾಲ್‌ಪೆನ್ನಿನಿಂದ ಅವನ ಹೊಟ್ಟೆಯ ಬಲಭಾಗದ ಮೇಲೇ ಗುರುತು ಹಾಕಿದೆ. ಎಡಭಾಗದ ಗಡ್ಡೆಯನ್ನು ಇನ್ನು ಮುಟ್ಟಕೂಡದು, ನಾಳೆಯಿಂದ ಈ ಗುರುತುಗಳಿಗೇ ಚುಚ್ಚಬೇಕು, ಇವತ್ತಿನದು ಇಲ್ಲಿ ಎಂದು ಕೈ ಹಿಡಿದು ತೋರಿಸಿದೆ. ಅವನು ಚುಚ್ಚಿಕೊಂಡ. ಚುರ್ ಅಂತೈತ್ರಿ ಎಂದ. ಅನ್ನಲಿ ಬಿಡು ಎಂದೆ. ಡಾಕ್ಟರು ಆ ದಿನ ಆಪರೇಷನ್ ಕೋಣೆಯಲ್ಲಿದ್ದರು. ಸಂಜೆ ಹೇಳೋಣ ಅಂದುಕೊಂಡೆ, ಸಂಜೆ ಮರೆತೆ. ಕಗ್ಗಂಟು ಬಿಡಿಸಿದವಳ ಗತ್ತಿನಲ್ಲಿ ಮನೆಗೆ ಹೋಗಿ ಬಿಸಿ ರೊಟ್ಟಿ ಬಡಿದು ತಿಂದೆ.

ಪಾಯಿಂಟು ಕಡಿಮೆ ಮಾಡು ಎಂದು ಮಾತ್ರ ನಾನು ಹೇಳಿರಲಿಲ್ಲ. ಆ ಇಪ್ಪತ್ತಾರು ಪಾಯಿಂಟು ಗಡ್ಡೆಯ ಲೆಕ್ಕದ್ದು. ಒಳ್ಳೆಯ ಚರ್ಮಕ್ಕೆ ಹೋದರೆ ಇಪ್ಪತ್ತಾರೂ ರಕ್ತಕ್ಕೆ ಇಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ತರಬೇತಿಯಲ್ಲಿ ಬರೆದುಕೊಂಡಿದ್ದೆ. ಆ ಹೊತ್ತಿಗೆ ಬೈಯುವುದರಲ್ಲಿ ಮುಳುಗಿದ್ದೆ.

ಗುರುವಾರ ಹಳ್ಳಿಯೊಂದರಲ್ಲಿ ತಪಾಸಣೆ ಇತ್ತು. ಹನ್ನೆರಡೂವರೆಯ ಬಸ್ಸಿಗೆಂದು ಸಕ್ಕರೆ ನೋಡುವ ಮೆಷಿನ್ನಿನ ಚೀಲ ಹೆಗಲಿಗೆ ಹಾಕಿಕೊಂಡು ನಿಲ್ದಾಣಕ್ಕೆ ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ಹಸಿವಾಗಿತ್ತು, ಅವನ ಅಂಗಡಿಗೆ ಹೋಗಿ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಕೊಡು ಎಂದೆ. ಅವನು ನನ್ನನ್ನು ನೋಡಿದ, ಗುರುತು ಹಿಡಿದ ಹಾಗೆ ಕಾಣಲಿಲ್ಲ. ಮೊನ್ನೆಯ ಬೈಗುಳಕ್ಕೆ ಮುನಿದಿದ್ದಾನೆ ಅಂದುಕೊಂಡೆ. ಮುನಿದರೆ ಮುನಿಯಲಿ ಎಂದು ನನಗೂ ಸ್ವಲ್ಪ ಸಿಟ್ಟು ಬಂತು.

ಅವನು ಹಿಟ್ಟಿಗೆ ಅದ್ದದೆಯೇ ಒಂದು ಮೆಣಸಿನಕಾಯಿ ಎಣ್ಣೆಗೆ ಬಿಟ್ಟ. ಇನ್ನೊಂದು ಬಿಟ್ಟ. ಎಣ್ಣೆ ಚಟಪಟ ಸಿಡಿಯಿತು, ಅವನು ಕೈ ಹಿಂದೆಗೆಯಲಿಲ್ಲ. ಖಾಲಿ ಪ್ಲೇಟೊಂದನ್ನು ನನ್ನ ಮುಂದೆ ಇಟ್ಟ. ನಾನು ಇದೇನು ಎಂದು ಹೆಂಡತಿಯ ಕಡೆ ನೋಡಿದೆ. ಅವಳು ಹಿಟ್ಟಿನ ಪಾತ್ರೆಯ ಮುಂದೆ ಕೂತಿದ್ದಳು, ಮುಖ ಊದಿತ್ತು. ಬೆಳಿಗ್ಗೆಯಿಂದ ಹೀಗೇ ಮಾಡುತ್ತಿದ್ದಾನೆ, ಇಷ್ಟು ವರ್ಷದಲ್ಲಿ ಒಂದು ಸಲವೂ ಬೈಯದವನು ಇವತ್ತು ನನ್ನನ್ನು ಬೈದ, ನಿಮ್ಮ ಗಾಳಿ ಬೀಸಿದೆ ಎಂದಳು. ಬೆವರುತ್ತಿದ್ದಾನಲ್ಲ ಎಂದೆ.

"ಬಾಣಲಿ ಮುಂದ ನಿಂತಾಂವ ಬೆವರದ ಇರ್ತಾನೇನ್ರಿ?" ಎಂದಳು.

ಮಾತು ಸರಿಯಾಗಿಯೇ ಇತ್ತು. ನಾನು ಮೊದಲು ಹೇಳಿಕೊಟ್ಟ ಗುರುತೇ ಬೆವರು. ಇವನು ಸಕ್ಕರೆ ಏರಿದರೂ ಬೆವರುತ್ತಾನೆ, ಇಳಿದರೂ ಬೆವರುತ್ತಾನೆ. ನನ್ನ ತಲೆ ಒಂದು ಕ್ಷಣ ಓಡಲಿಲ್ಲ. ಮುನಿಸೋ, ಬಿಸಿಲೋ, ಕುಡಿದಿದ್ದಾನೋ? ಅಷ್ಟರಲ್ಲಿ ಅವನು ಮುಂದಕ್ಕೆ ವಾಲಿದ, ಜಾಲರಿ ಸೌಟು ಹಿಡಿದ ಕೈ ಎಣ್ಣೆಯ ಕಡೆಗೆ ಇಳಿಯಿತು. ಆಗ ನನ್ನ ಮೈಯೆಲ್ಲ ಎಚ್ಚರವಾಯಿತು. ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಮಂಡಕ್ಕಿ ಚೀಲದ ಮೇಲೆ ಬಿದ್ದೆವು. ಸ್ಟೋವ್ ಆರಿಸು ಎಂದು ಹೆಂಡತಿಗೆ ಕೂಗಿ ಹೇಳಿದೆ. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ನಲವತ್ತಾರು, ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

ಎಚ್ಚರವಿತ್ತು, ನುಂಗುತ್ತಿದ್ದ. ಸಕ್ಕರೆ ತಾ ಎಂದೆ. ಅಂಗಡಿಯಲ್ಲಿ ಸಕ್ಕರೆಯ ಕಾಳೂ ಇರಲಿಲ್ಲ. ಬಂದ್ ಮಾಡಿಸಿದ್ದು ನಾನೇ. ಪಕ್ಕದ ಚಹಾದವನು ಗಾಬರಿಯಲ್ಲಿ ಒಂದು ಲೋಟ ಚಹಾ ಹಿಡಿದು ಓಡಿ ಬಂದ. ನಾನು ಅದನ್ನು ಇವನ ತುಟಿಗೆ ಹಿಡಿದು ಎರಡು ಗುಟುಕು ಕುಡಿಸಿದ ಮೇಲೆ, ಇದಕ್ಕೆ ಸಕ್ಕರೆ ಹಾಕಿಲ್ಲ, ಇವರ ಮನೆಯವರು ಹಾಕಬೇಡ ಅಂದಿದ್ದಾರೆ ಎಂದು ಚಹಾದವನು ಹೆಮ್ಮೆಯಿಂದ ಹೇಳಿದ. ಅವನನ್ನು ಅಲ್ಲೇ ಬಾಣಲೆಗೆ ಹಾಕಬೇಕೆನ್ನಿಸಿತು. ಸಕ್ಕರೆ ಡಬ್ಬಿಯನ್ನೇ ತರಿಸಿ, ಮೂರು ಚಮಚ ನೀರಿಗೆ ಕದಡಿದೆ. ಆಗ ಹೆಂಡತಿ ನನ್ನ ಕೈ ಹಿಡಿದಳು, ಸಕ್ಕರೆ ಇವನಿಗೆ ವಿಷ ಎಂದು ನೀವೇ ಹೇಳಿದ್ದೀರಿ ಎಂದಳು.

"ಯವ್ವಾ, ಈಗ ಇದು ಮದ್ದು," ಎಂದೆ. "ಕೈ ಬಿಡು."

ಬಿಟ್ಟಳು. ಅವನು ಕುಡಿದ. ಕಾಲು ಗಂಟೆಯ ಮೇಲೆ ನೋಡಿದರೆ ಐವತ್ತೆಂಟು. ಮತ್ತೆ ಮೂರು ಚಮಚ. ನನ್ನ ಬಸ್ಸು ಬಂತು, ಹೋಯಿತು. ಎರಡನೇ ಕಾಲು ಗಂಟೆ ಮುಗಿದಾಗ ಎಂಬತ್ತೆಂಟು. ಅವನು ಸುತ್ತ ನೋಡಿ, ಸಿಸ್ಟರ್, ನೀವು ಯಾವಾಗ ಬಂದ್ರಿ ಎಂದ. ನನಗೆ ಅಳು ಬಂತು, ಅವನಿಗೆ ಕಾಣಬಾರದೆಂದು ಮೆಷಿನ್ನನ್ನು ಚೀಲಕ್ಕೆ ಹಾಕುವ ನೆವದಲ್ಲಿ ತಲೆ ತಗ್ಗಿಸಿದೆ. ಹೆಂಡತಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನಿಸಿದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿ, ಗಡ್ಡೆಯ ಸಂಗತಿ, ಜಾಗ ಬದಲಿಸಿದ್ದು, ಪಾಯಿಂಟಿನ ಬಗ್ಗೆ ನಾನು ಬಾಯಿ ಬಿಡದೆ ಇದ್ದದ್ದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೆಳಿಗ್ಗೆಯದನ್ನು ಹದಿನಾರಕ್ಕೆ, ಸಂಜೆಯದನ್ನು ಹತ್ತಕ್ಕೆ ಇಳಿಸಿದರು, ಆ ರಾತ್ರಿ ವಾರ್ಡಿನಲ್ಲೇ ಇಟ್ಟುಕೊಂಡು ನಾಲ್ಕು ಸಲ ಸಕ್ಕರೆ ನೋಡಿ ಎಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಅವನು ವಾರ್ಡಿನ ಮಂಚದ ಮೇಲೆ ಮಲಗಿದ ಮೇಲೆ ಅವನ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತೆ. ಮೊದಲು ತಪ್ಪೊಪ್ಪಿಕೊಂಡೆ. ಅವನು ತಪ್ಪು ಮಾಡಿಲ್ಲ, ನಾನು ಪಾಯಿಂಟು ಇಳಿಸಲು ಹೇಳಲಿಲ್ಲ, ಅದರಿಂದ ಹೀಗಾಯಿತು ಎಂದೆ. ಆಮೇಲೆ ಅವಳಿಗೆ ಮತ್ತೆ ಪಾಠ ಹೇಳಿದೆ. ಬೆವರು ನೋಡಬೇಡ, ಅವನು ಸುಮ್ಮನೆ ಸಿಡುಕಿದರೆ, ಮೆಣಸಿನಕಾಯಿ ಅದ್ದುವುದು ಮರೆತರೆ, ಅದೇ ನಿನಗೆ ಗುರುತು, ಮೊದಲು ಸ್ಟೋವ್ ಆರಿಸಿ ಸಕ್ಕರೆ ಕೊಡು, ಆಮೇಲೆ ಯಾಕೆಂದು ಕೇಳು ಎಂದೆ. ಅಂಗಡಿಯಲ್ಲಿ ಒಂದು ಡಬ್ಬಿ ಸಕ್ಕರೆ ಇಡು, ಅದು ಅಡುಗೆಗಲ್ಲ, ಇದಕ್ಕೇ ಎಂದೆ. ಅವಳು ತಲೆಯಾಡಿಸಿದಳು. ಆದರೆ ನನಗೆ ಇನ್ನೊಂದು ಗೊಂದಲ ಉಳಿದಿತ್ತು. ಐದು ತಿಂಗಳು, ದಿನಕ್ಕೆ ಎರಡು ಸಲ, ಅವಳ ಕಣ್ಣೆದುರಿಗೇ ಅವನು ದಾರ ತಿರುಗಿಸಿದ್ದಾನೆ. ಮರಳಿನ ಮಡಕೆ ಹೊತ್ತು ತರುವಷ್ಟು ಕಾಳಜಿ ಇದ್ದವಳು, ಆ ದಾರ ನೋಡಿ ಒಂದು ದಿನವೂ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದೆ.

ಅವಳು ಸೆರಗಿನ ಅಂಚಿಗೆ ಅಂಟಿದ್ದ ಕಡಲೆಹಿಟ್ಟನ್ನು ಕೆರೆದಳು.

"ಅನಿಸಿತ್ರಿ," ಎಂದಳು. "ಎರಡನೇ ತಿಂಗಳಾಗನ ಅನಿಸಿತ್ತು. ಗಡ್ಡಿನೂ ಕೈಗೆ ಹತ್ತಿತ್ತು. ಸಿಸ್ಟರ್‌ನ ಒಂದ್ಮಾತು ಕೇಳೂನು ಅಂದೆ. ಇವರು ಬ್ಯಾಡ ಅಂದ್ರು. ನೀವು ಬೈತೀರಿ ಅಂತ."

ಬಿಸಿಲಿಗೆ ಇಟ್ಟಿದ್ದೀರಾ ಎಂದು ನಾನು ಕೂಗಾಡಿದ ಮರುದಿನ, ಮಡಕೆಯ ಜೊತೆಗೆ ಆ ಮಾತನ್ನೂ ಅವಳು ಹೊತ್ತು ತಂದಿದ್ದಳಂತೆ. ಮಡಕೆಯನ್ನು ಮಾತ್ರ ಇಳಿಸಿ ಹೋದಳಂತೆ.

ಅವನು ಈಗ ಚೆನ್ನಾಗಿದ್ದಾನೆ. ಗಡ್ಡೆ ನಿಧಾನಕ್ಕೆ ಕರಗುತ್ತಿದೆ. ನನ್ನ ಸಿಟ್ಟು ಹೋಯಿತೇ ಎಂದರೆ, ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೊಸಬರು ಬಂದರೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತೇನೆ, ಚುಚ್ಚಿಕೊಳ್ಳುವುದನ್ನು ಮೊದಲಿಂದ ಕೊನೆಯ ತನಕ ನೋಡುತ್ತೇನೆ, ಜೊತೆಗೆ ಬಂದವರಿಗೆ ನಿನಗೇನು ಅನಿಸಿತು ಹೇಳು ಎನ್ನುತ್ತೇನೆ. ಹೆಚ್ಚಿನವರು ನನ್ನ ಮುಖ ನೋಡಿ, ಏನಿಲ್ಲ ಸಿಸ್ಟರ್ ಎನ್ನುತ್ತಾರೆ. ನಿಜವಾಗಿಯೂ ಏನಿಲ್ಲವೋ, ಮಡಕೆಯನ್ನು ಮಾತ್ರ ಇಳಿಸುತ್ತಿದ್ದಾರೋ, ನನಗೆ ಈಗಲೂ ಗೊತ್ತಾಗುವುದಿಲ್ಲ.